‘ಸ್ಯಾಂಪಲ್ ಡೇಟಾ ಕಳ್ಸಿ’ ಅಂದ್ರೆ ಸರಿಯಾದ ಫೈಲ್ ಬರಲ್ಲ

ಪ್ರಶ್ನೆ: “ನಮ್ಮ ಹಾಲಿನ ಲೆಕ್ಕದ ಸಾಫ್ಟ್‌ವೇರಿಗೆ ಸಿಎಸ್‌ವಿ ಅಪ್ಲೋಡ್ ಮಾಡಿದ್ರೆ Invalid date ಬರುತ್ತೆ ಅಂತ ಒಬ್ರು ಸೊಸೈಟಿ ಸೆಕ್ರೆಟರಿ ಕಂಪ್ಲೇಂಟು. ಕೆಲವು ದಿನ ಬರುತ್ತಂತೆ, ಕೆಲವು ದಿನ ಇಲ್ಲ. ನಮ್ಮ ಆಫೀಸಲ್ಲಿ ಬರ್ತಾನೇ ಇಲ್ಲ. ಸ್ಟೆಪ್ಸ್, ಸ್ಕ್ರೀನ್‌ಶಾಟ್, ಸ್ಯಾಂಪಲ್ ಡೇಟಾ ಕಳ್ಸಿ ಅಂತ ಮೇಲ್ ಹಾಕಿದ್ದಕ್ಕೆ ಮೊಬೈಲಲ್ಲಿ ತೆಗ್ದ ಫೋಟೋ, ಎರಡು ಸಾಲಿನ ಎಕ್ಸೆಲ್ ಕಳ್ಸಿದಾರೆ. ಅದು ಸರಿಯಾಗೇ ಹೋಗುತ್ತೆ. ಇನ್ನೇನು ಕೇಳ್ಲಿ?”

ಉತ್ತರ:

ಸರ್, ಇದೇ ಮೇಲ್ ನಾನೂ ಕಾಪಿ ಪೇಸ್ಟ್ ಮಾಡಿ ಕಳಿಸ್ತಾ ಇದ್ದವನೇ, ಅದಕ್ಕೇ ಬರೀತಿದೀನಿ. ಸ್ಯಾಂಪಲ್ ಅಂದ್ರೆ ಅವ್ರು ಕೂತ್ಕೊಂಡು ಹೊಸದಾಗಿ ಎರಡು ಸಾಲು ಟೈಪ್ ಮಾಡಿ ಕಳಿಸ್ತಾರೆ, ಪಾಪ ನಿಮಗೆ ಅನುಕೂಲ ಆಗ್ಲಿ ಅಂತ. ಹೊಸದಾಗಿ ಟೈಪ್ ಮಾಡಿದ್ರಲ್ಲಿ ತೊಂದ್ರೆ ಎಲ್ಲಿರುತ್ತೆ? ನಿಮಗೆ ಬೇಕಿರೋದು ಎರರ್ ಕೊಟ್ಟ ಅದೇ ಫೈಲು, ಅದೂ ಎರರ್ ಬಂದ್ಮೇಲೆ ಯಾರೂ ಓಪನ್ ಮಾಡಿ ಸೇವ್ ಮಾಡದೇ ಇರೋದು.

ಮತ್ತೆ ಆ ಫೈಲ್ ಬಂದ ತಕ್ಷಣ ನೀವು ಅದನ್ನ ಡಬಲ್ ಕ್ಲಿಕ್ ಮಾಡಿ ಎಕ್ಸೆಲಲ್ಲಿ ನೋಡ್ಬೇಡಿ, ದಯವಿಟ್ಟು. ನೋಟ್‌ಪ್ಯಾಡಲ್ಲಿ ನೋಡಿ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಇದ್ರೆ ಇನ್ನೂ ಚೆನ್ನಾಗಿದೆ. ಇಲ್ಲಾಂದ್ರೆ ಪವರ್‌ಶೆಲ್‌ನಲ್ಲಿ:

```
Get-Content .\april.csv -TotalCount 20 -Encoding UTF8
```

ಕೊನೆಯ UTF8 ಬಿಡ್ಬೇಡಿ, ವಿಂಡೋಸ್ ಜೊತೆ ಬರೋ ಹಳೇ ಪವರ್‌ಶೆಲ್‌ನಲ್ಲಿ ಕನ್ನಡ ಹೆಸರೆಲ್ಲ à² à² ಅಂತ ಕಾಣ್ಸಿ, ಇಲ್ಲದ ತೊಂದ್ರೆ ಹುಡುಕೋಕೆ ಶುರು ಮಾಡ್ತೀರ.

“ಕೆಲವು ದಿನ ಬರುತ್ತೆ ಕೆಲವು ದಿನ ಇಲ್ಲ” ಅಂದ್ರಲ್ಲ, ಅಲ್ಲೇ ನನ್ನ ಕಿವಿ ನಿಮಿರಿದ್ದು. ಇಂಥದ್ದೇ ಒಂದು ಕೇಸಲ್ಲಿ ನಮ್ಮೋರು ಸರ್ವರ್ ಲಾಗ್ ಎಲ್ಲಾ ಜಾಲಾಡಿ, ನೆಟ್‌ವರ್ಕ್ ಮೇಲೆ ತಪ್ಪು ಹಾಕಿ, ಗಿರಾಕಿಗೇ ಬೈಯೋ ಹಂತಕ್ಕೆ ಬಂದಿದ್ರು. ಕೊನೆಗೆ ನೋಡಿದ್ರೆ ಎರರ್ ಬರ್ತಿದ್ದಿದ್ದು ತಿಂಗಳ 1ರಿಂದ 12ನೇ ತಾರೀಖಿನ ಸಾಲುಗಳಿಗೆ ಮಾತ್ರ, 13ರಿಂದ ಮುಂದಕ್ಕೆ ಎಲ್ಲಾ ಸಲೀಸು. ಹಾಲು ಅಳೆಯೋ ಮಷಿನ್‌ನಿಂದ ಬಂದ ಫೈಲು ಹಿಂಗಿತ್ತು, ಸದಸ್ಯರ ನಂಬರ್, ತಾರೀಖು, ಲೀಟರ್:

```
045,05-04-2024,6.5
045,25-04-2024,7.0
```

ಗುಮಾಸ್ತರು ಇದನ್ನ ಎಕ್ಸೆಲಲ್ಲಿ ತೆಗ್ದು, ಎಲ್ಲೋ ಒಂದು ಲೀಟರ್ ತಿದ್ದಿ, ಸೇವ್ ಹೊಡ್ದಿದ್ರು. ಆಮೇಲೆ ಅದೇ ಸಾಲುಗಳು:

```
45,5/4/2024,6.5
45,25-04-2024,7
```

ಅವ್ರ ಲ್ಯಾಪ್‌ಟಾಪಲ್ಲಿ ರೀಜನ್ English (United States) ಇತ್ತು. ಅಲ್ಲಿ ಎಕ್ಸೆಲ್ 05-04 ನೋಡಿ ಮೇ 4 ಅಂತ ತಿಳ್ಕೊಂಡು ತನ್ನ ಪದ್ಧತಿ ಪ್ರಕಾರ ಸ್ಲ್ಯಾಶ್ ಹಾಕಿ ಬರೀತು. 25ನೇ ತಿಂಗಳು ಅಂತ ಒಂದಿಲ್ವಲ್ಲ, ಅದಕ್ಕೆ ಆ ಸಾಲನ್ನ ಬರೀ ಅಕ್ಷರ ಅಂತ ಹಂಗೇ ಬಿಡ್ತು. ಸಾಫ್ಟ್‌ವೇರ್ ಕೇಳೋದು dd-MM-yyyy, ಹಂಗಾಗಿ ಎಕ್ಸೆಲ್ ಮುಟ್ಟಿದ ಸಾಲಿಗೇ ಪೆಟ್ಟು. ನಮ್ಮ ಆಫೀಸಲ್ಲಿ ಎಲ್ಲಾ ಕಂಪ್ಯೂಟರೂ English (India), ಅಲ್ಲಿ ತೆಗ್ದು ಸೇವ್ ಮಾಡಿದ್ರೂ ತಾರೀಖು ಇದ್ದ ಹಂಗೇ ಇರುತ್ತೆ, ಎರರ್ ಬರೋದಾದ್ರೂ ಎಲ್ಲಿಂದ? ಸದಸ್ಯರ ನಂಬರ್ 045 ಹೋಗಿ 45 ಆಗಿದ್ದನ್ನೂ ಗಮನಿಸಿ, ಅದು ಬೇರೆ ತಲೆನೋವು, ಆದ್ರೆ ಫೈಲು ಎಕ್ಸೆಲ್ ಕೈಗೆ ಸಿಕ್ಕಿತ್ತು ಅನ್ನೋಕೆ ಒಳ್ಳೇ ಗುರುತು.

ನಿಮ್ಮದೂ ಇದೇ ಅಂತ ನಾನು ಆಣೆ ಮಾಡಲ್ಲ. ಫೈಲಿನ ಕೊನೇಲಿ ಒಟ್ಟು ಮೊತ್ತದ ಸಾಲಿದ್ರೂ, ತಾರೀಖಿನ ಹಿಂದೆ ಒಂದು ಸ್ಪೇಸ್ ಇದ್ರೂ ಅದೇ ಎರರ್ ಬರಬಹುದು. ಅದಕ್ಕೇ ಪತ್ರ ಸರಿಯಾಗಿ ಬರೀಬೇಕು. ನಾನೀಗ ಕಳಿಸೋದು ಹೆಚ್ಚು ಕಮ್ಮಿ ಹಿಂಗಿರುತ್ತೆ:

“ನಮಸ್ಕಾರ ಸರ್. ಎರರ್ ಬಂದ ಸಿಎಸ್‌ವಿ ಫೈಲನ್ನ ತೆರೆಯದೆ ಹಾಗೇ ಮೇಲ್‌ಗೆ ಅಟ್ಯಾಚ್ ಮಾಡಿ. ಮಷಿನ್‌ನಿಂದ ಬಂದ ಮೂಲ ಫೈಲ್ ಇನ್ನೂ ಇದ್ದರೆ ಅದನ್ನೂ ಬೇರೆಯಾಗಿ ಕಳಿಸಿ. ಮಷಿನ್‌ನಿಂದ ಫೈಲ್ ತೆಗೆದ ಮೇಲೆ ಅಪ್ಲೋಡ್ ಬಟನ್ ಒತ್ತುವವರೆಗೆ ಯಾರು ಏನೇನು ಮಾಡಿದರು ಅಂತ ನಿಮ್ಮ ಮಾತಲ್ಲೇ ಬರೆಯಿರಿ, ಎಕ್ಸೆಲ್‌ನಲ್ಲಿ ತೆರೆದಿದ್ದರೆ, ಏನಾದರೂ ತಿದ್ದಿದ್ದರೆ ಅದನ್ನೂ ಬರೆಯಿರಿ, ಅದು ತಪ್ಪೇನಲ್ಲ. ಎರರ್ ಕಾಣುವಾಗ ಪೂರ್ತಿ ಪರದೆಯ ಸ್ಕ್ರೀನ್‌ಶಾಟ್ ಒಂದು. ಆಮೇಲೆ ವಿಂಡೋಸ್ ಕೀ ಜೊತೆ R ಒತ್ತಿ, intl.cpl ಅಂತ ಟೈಪ್ ಮಾಡಿ ಎಂಟರ್ ಕೊಟ್ಟರೆ ರೀಜನ್ ಸೆಟ್ಟಿಂಗಿನ ಒಂದು ಪುಟ್ಟ ಕಿಟಕಿ ಬರುತ್ತದೆ, ಅದರದ್ದು ಇನ್ನೊಂದು.”

“ಅದು ತಪ್ಪೇನಲ್ಲ” ಅನ್ನೋದನ್ನ ತೆಗೀಬೇಡಿ. ಅದಿಲ್ದೇ ಇದ್ರೆ ಎಕ್ಸೆಲ್ ವಿಷ್ಯ ಬಾಯೇ ಬಿಡಲ್ಲ, ನಾವೇನೂ ಮುಟ್ಟಿಲ್ಲ ಸಾರ್ ಅಂತಾರೆ. ಸ್ಕ್ರೀನ್‌ಶಾಟ್ ವಾಟ್ಸಾಪಲ್ಲೇ ಕಳಿಸ್ತೀನಿ ಅಂದ್ರೆ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ, ಫೋಟೋ ಆಗಿ ಕಳಿಸಿದ್ರೆ ಕುಗ್ಗಿ ಅಕ್ಷರ ಮಸುಕಾಗುತ್ತೆ. ಎರರ್ ಮಾಮೂಲಿ ವಿಂಡೋಸ್ ಮೆಸೇಜ್ ಬಾಕ್ಸ್ ಆಗಿದ್ರೆ ಅದರ ಮೇಲೆ Ctrl+C ಒತ್ತಿದ್ರೆ ಒಳಗಿನ ಬರಹ ಕಾಪಿ ಆಗುತ್ತೆ, ಎಷ್ಟೋ ಜನ ಸಪೋರ್ಟ್‌ನೋರಿಗೇ ಇದು ಗೊತ್ತಿಲ್ಲ.

ಸದಸ್ಯರ ಹೆಸರು, ಬ್ಯಾಂಕ್ ಖಾತೆ ಇರುತ್ತೆ, ಕಳಿಸಲ್ಲ ಅಂದ್ರೆ ಒತ್ತಾಯ ಬೇಡ, ಅವ್ರು ಹೇಳೋದು ನ್ಯಾಯವೇ. ನೋಟ್‌ಪ್ಯಾಡಲ್ಲೇ ಎರರ್ ಬರೋ ಒಂದು ಸಾಲು, ಬರದ ಒಂದು ಸಾಲು, ಮೇಲಿನ ಹೆಡರ್ ಸಾಲು ಇಟ್ಕೊಂಡು ಉಳಿದದ್ದು ಅಳಿಸಿ, ಖಾತೆ ಅಂಕಿ ಬದಲಾಯಿಸಿ ಬೇರೆ ಹೆಸರಲ್ಲಿ ಸೇವ್ ಮಾಡೋಕೆ ಹೇಳಿ, ಆ ಚಿಕ್ಕ ಫೈಲಿಗೂ ಎರರ್ ಬರುತ್ತಾ ಅಂತ ಅವರ ಕೈಲೇ ನೋಡ್ಸಿ ಆಮೇಲೆ ತರಿಸ್ಕೊಳ್ಳಿ. ಎಕ್ಸೆಲಲ್ಲಿ ಮರೆಮಾಚೋಕೆ ಹೋದ್ರೆ 16 ಅಂಕಿ ಖಾತೆಯ ಕೊನೇ ಅಂಕಿ ಸೊನ್ನೆ ಆಗುತ್ತೆ, ಅದು 15 ಅಂಕಿಗಿಂತ ಜಾಸ್ತಿ ನೆನಪಿಟ್ಕೊಳ್ಳಲ್ಲ. ನನ್ನ ಕೇಳಿದ್ರೆ ಇಂಥ ಕೆಲಸಕ್ಕೆ ಲಿಬ್ರೆಆಫೀಸೇ ವಾಸಿ, ಸಿಎಸ್‌ವಿ ತೆರೆಯೋವಾಗ ಯಾವ ಕಾಲಂ ಏನು ಅಂತ ಮೊದ್ಲೇ ಕೇಳುತ್ತೆ, ಆದ್ರೆ ಸೊಸೈಟಿಲಿ ಯಾರು ಹಾಕ್ಕೊಂಡಿರ್ತಾರೆ ಬಿಡಿ.

ಮೇಲಿನ ಕಾಮೆಂಟಲ್ಲಿ ಒಬ್ರು ಎನಿಡೆಸ್ಕ್ ಹಾಕಿ ನೋಡಿಬಿಡಿ, ಪತ್ರ ಗಿತ್ರ ಯಾಕೆ ಅಂದಿದಾರೆ. ಅರ್ಧ ಸರಿ. ರೀಜನ್ ಸೆಟ್ಟಿಂಗ್ ಅಲ್ಲಿ ಕಣ್ಣಿಗೇ ಬೀಳುತ್ತೆ. ಆದ್ರೆ ನೀವು ನೋಡ್ತಾ ಇದೀರಿ ಅಂದ್ರೆ ಗುಮಾಸ್ತರು ಬಲು ಜಾಗ್ರತೆಯಿಂದ ನೇರ ಅಪ್ಲೋಡ್ ಮಾಡ್ತಾರೆ, ಎಕ್ಸೆಲ್ ತೆಗೆಯೋದೇ ಇಲ್ಲ, ಎರರೂ ಬರಲ್ಲ. ಪ್ರಿಂಟಲ್ಲಿ ಕನ್ನಡ ಡಬ್ಬ ಡಬ್ಬ ಬರುತ್ತೆ ಅಂತ ಕೇಳಿರೋರೇ, ನಿಮ್ದು ಫಾಂಟ್ ವಿಷ್ಯ, ಅದನ್ನ ಬೇರೆ ಪ್ರಶ್ನೆಯಾಗಿ ಹಾಕಿ. ಫೈಲ್ ಒಳಗೇ ಹೆಸರು ???? ಆಗಿದ್ರೆ ಮಾತ್ರ ಇಲ್ಲಿಗೆ ಸಂಬಂಧ, CSV UTF-8 ಅಂತ ಸೇವ್ ಮಾಡದೆ ಬರೀ CSV ಅಂತ ಮಾಡಿರ್ತಾರೆ.

ಸ್ಲ್ಯಾಶ್ ಇರೋದನ್ನೂ ಸಾಫ್ಟ್‌ವೇರೇ ಒಪ್ಕೊಂಡ್ರೆ ಮುಗೀತಲ್ಲ ಅನ್ನೋ ಡೆವಲಪರ್ ಮಿತ್ರರ ಮಾತು ನನಗೆ ಅಷ್ಟು ಒಪ್ಪಿಗೆ ಇಲ್ಲ. ಈ ಕೇಸಲ್ಲಿ 5/4ನ್ನ ದಿನ/ತಿಂಗಳು ಅಂತ ಓದಿದ್ರೆ ಅದೃಷ್ಟಕ್ಕೆ ಸರಿ ತಾರೀಖೇ ಸಿಗುತ್ತೆ, ನಿಜ. ಎಲ್ಲಾ ಕಡೆ ಆ ಅದೃಷ್ಟ ಇರುತ್ತಾ? ಚರ್ಚೆ ಮಾಡೋಣ ಬೇಕಾದ್ರೆ.

ಅದಕ್ಕಿಂತ ಅರ್ಜೆಂಟಾಗಿ ಇದೊಂದು ನೋಡಿ. ಎರರ್ ಬರುತ್ತೆ ಅಂತ ಸೆಕ್ರೆಟರಿ ಎಕ್ಸೆಲಲ್ಲಿ ಕಾಲಂ ಫಾರ್ಮ್ಯಾಟನ್ನ dd-mm-yyyy ಮಾಡಿ ಮತ್ತೆ ಅಪ್ಲೋಡ್ ಮಾಡಿದಾರಾ ಕೇಳಿ. ಮಾಡಿದ್ರೆ ಏಪ್ರಿಲ್ 5 ಅನ್ನೋದು 04-05-2024 ಆಗಿ, ಯಾವ ಎರರೂ ಇಲ್ದೆ ಮೇ 4ಕ್ಕೆ ಹೋಗಿ ಕೂತಿರುತ್ತೆ. ಏಪ್ರಿಲ್ 1ರದ್ದು ಜನವರಿ 4ಕ್ಕೆ, 2ರದ್ದು ಫೆಬ್ರವರಿ 4ಕ್ಕೆ, ಹಿಂಗೆ. ಡೇಟಾಬೇಸಲ್ಲಿ ಆ ಸೊಸೈಟಿಯ ಪ್ರತಿ ತಿಂಗಳ 4ನೇ ತಾರೀಖು ತೆಗ್ದು ನೋಡಿ, ಇನ್ನೂ ಬರದ ತಿಂಗಳಲ್ಲೂ ಹಾಲು ಬಿದ್ದಿದ್ರೆ ಮೊದ್ಲು ಆ ಬಿಲ್ ಪಾಸ್ ಮಾಡೋದನ್ನ ನಿಲ್ಲಿಸಿ.