ಪಾರ್ಸಲ್ ತಲುಪಿತು, ಸಾಮಾನು ಇರಲಿಲ್ಲ: ಅಂಚೆಗೂ ಕೊರಿಯರ್‌ಗೂ ಪರಿಹಾರದ ಲೆಕ್ಕ ಬೇರೆ

ಪ್ರಶ್ನೆ: ಪುಣೆಯಲ್ಲಿರುವ ಮಗಳಿಗೆ ಹದಿನಾಲ್ಕು ಸಾವಿರದ ಮೈಸೂರು ರೇಷ್ಮೆ ಸೀರೆಯನ್ನು ಮಂಡ್ಯದಿಂದ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆ. 150 ರೂಪಾಯಿ ತೆಗೆದುಕೊಂಡರು. ಡಬ್ಬಿ ತಲುಪಿದೆ, ಒಳಗೆ ಸೀರೆ ಇಲ್ಲ, ಹಳೇ ಪೇಪರ್ ಇದೆ. ಕೇಳಿದರೆ 300 ರೂಪಾಯಿ ಮಾತ್ರ ಬರುತ್ತದೆ ಅಂತಾರೆ. ಕೊರಿಯರ್‌ನಲ್ಲಿ ಕಳಿಸಿದ್ದರೆ ಪೂರ್ತಿ ಹಣ ಸಿಗುತ್ತಿತ್ತಲ್ಲವೇ? (ಮಂಡ್ಯದ ಓದುಗರು)

ಸಿಗುತ್ತಿರಲಿಲ್ಲ. ಈ ತಪ್ಪು ನಂಬಿಕೆಯಿಂದಲೇ ಜನ ಪದೇಪದೇ ನಷ್ಟ ಮಾಡಿಕೊಳ್ಳುತ್ತಿದ್ದಾರೆ, ಹಾಗಾಗಿ ಇದಕ್ಕೆ ಉದ್ದ ಉತ್ತರ.

ಮೊದಲು ಆ ಮುನ್ನೂರರ ಲೆಕ್ಕ. ಇನ್ಶೂರೆನ್ಸ್ ಮಾಡಿಸದ ಸ್ಪೀಡ್ ಪೋಸ್ಟ್ ಕಳೆದುಹೋದರೆ, ಒಳಗಿನದು ಮಾಯವಾದರೆ ಅಥವಾ ಹಾಳಾದರೆ, ನೀವು ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಇದು ವರ್ಷಗಳಿಂದ ನಡೆದುಬಂದ ನಿಯಮ. ಒಳಗಿದ್ದದ್ದು ಸೀರೆಯೋ ಚಿನ್ನವೋ ಎಂದು ಆ ಲೆಕ್ಕ ಕೇಳುವುದಿಲ್ಲ. ಇದರ ಹಿಂದೆ ಕಾನೂನೇ ಇದೆ. 1898ರ ಅಂಚೆ ಕಾಯ್ದೆಯ 6ನೇ ಕಲಂ ಇಲಾಖೆಯನ್ನು ನಷ್ಟದ ಹೊಣೆಯಿಂದ ಹೊರಗಿಟ್ಟಿತ್ತು. ಅದನ್ನು ರದ್ದುಮಾಡಿ 2024ರ ಜೂನ್‌ನಲ್ಲಿ ಜಾರಿಗೆ ಬಂದ 2023ರ ಕಾಯ್ದೆಯೂ, ನಿಯಮದಲ್ಲಿ ಒಪ್ಪಿಕೊಂಡಷ್ಟಕ್ಕೆ ಮಾತ್ರ ಇಲಾಖೆ ಹೊಣೆ ಎನ್ನುತ್ತದೆ. ಸಿಬ್ಬಂದಿ ಮೋಸದಿಂದಲೋ ಬೇಕೆಂದೋ ಮಾಡಿದ್ದಾರೆ ಎಂದು ತೋರಿಸಿದರೆ ಆ ವ್ಯಕ್ತಿ ಹೊಣೆಯಾಗುತ್ತಾರೆ. ಅದನ್ನು ತೋರಿಸುವ ಭಾರ ನಿಮ್ಮ ಮೇಲೆ.

ಇದೇ ಸೀರೆಯನ್ನು 14,000ಕ್ಕೆ ಇನ್ಶೂರ್ ಮಾಡಿಸಿದ್ದರೆ ಇಷ್ಟು ಓದಬೇಕಾಗಿಯೇ ಇರಲಿಲ್ಲ. ಇನ್ಶೂರ್ಡ್ ವಸ್ತುವಿಗೆ ನಿಜವಾಗಿ ಆದ ನಷ್ಟ ಸಿಗುತ್ತದೆ, ಇನ್ಶೂರ್ ಮಾಡಿಸಿದ ಮೊತ್ತ ಅದರ ಮೇಲಿನ ಮಿತಿ. ಹೆಚ್ಚುವರಿ ಶುಲ್ಕ ಉಳಿಸಲು 2,000 ಎಂದು ಬರೆಸಿದರೆ 2,000ಕ್ಕಿಂತ ಹೆಚ್ಚು ಬರುವುದಿಲ್ಲ. 50,000 ಎಂದು ಬರೆಸಿದರೂ ಬಿಲ್ಲಿನಲ್ಲಿ 14,000 ಇದ್ದರೆ 14,000 ಅಷ್ಟೇ. ಆದ್ದರಿಂದ ಅಂಗಡಿಯ ಬಿಲ್ಲು ನಿಮ್ಮ ಹತ್ತಿರ ಇರಬೇಕು, ಸೀರೆಯ ಜೊತೆ ಡಬ್ಬಿಯೊಳಗೆ ಅಲ್ಲ.

ಕೊರಿಯರ್‌ನ ಕಥೆಗೆ ಬರೋಣ. ಅಲ್ಲಿ ರಕ್ಷಣೆ ಕೊಡುವ ಅಂಚೆ ಕಾಯ್ದೆ ಇಲ್ಲ, ಆದರೆ ಒಪ್ಪಂದವಿದೆ. ಕೌಂಟರ್‌ನಲ್ಲಿ ಕೊಡುವ ಕನ್ಸೈನ್‌ಮೆಂಟ್ ನೋಟಿನ ಹಿಂದೆ, ನುಣ್ಣನೆ ಅಕ್ಷರದಲ್ಲಿ, ಹೊಣೆಯ ಮಿತಿ ಮತ್ತು ಎಷ್ಟು ದಿನದೊಳಗೆ ಲಿಖಿತ ದೂರು ಕೊಡಬೇಕು ಎಂಬುದು ಅಚ್ಚಾಗಿರುತ್ತದೆ. 1996ರಲ್ಲಿ ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗ್ರಾಹಕ ಸಹಿ ಹಾಕಿ ಒಪ್ಪಿದ ನೋಟಿನಲ್ಲಿದ್ದ 100 ಡಾಲರ್ ಮಿತಿಯನ್ನೇ ಎತ್ತಿಹಿಡಿಯಿತು. ಸಹಿಯೇ ಇಲ್ಲದ, ಓದಿಸದೆ ಕೈಗಿಟ್ಟ ನೋಟಾದರೆ ಆ ಮಿತಿ ತಮಗೆ ಅನ್ವಯಿಸದು ಎಂದು ಕಳಿಸಿದವರು ಗ್ರಾಹಕ ಆಯೋಗದಲ್ಲಿ ವಾದಿಸಬಹುದು, ಹಲವರಿಗೆ ಅದು ನೆರವಾಗಿದೆ ಕೂಡ. ಆದರೆ ಅದು ಕೇಸು ನಡೆಸಿ ಪಡೆಯುವ ಹಣ, ಕೌಂಟರ್‌ನಲ್ಲಿ ಕೇಳಿ ಪಡೆಯುವುದಲ್ಲ. ಕೊರಿಯರ್‌ನಲ್ಲಿ ಕಳಿಸುವವರು ಬೆಲೆ ನಮೂದಿಸಿ, ನಷ್ಟವಾದರೆ ಹೊಣೆ ಕಂಪನಿಯದು ಎನ್ನುವ 'ಕ್ಯಾರಿಯರ್ಸ್ ರಿಸ್ಕ್' ಎಂದು ಬರೆಸಿ, ಅದರ ಹೆಚ್ಚುವರಿ ಶುಲ್ಕ ಕೊಟ್ಟು, ರಸೀದಿಯಲ್ಲಿ ಆ ಮಾತು ಕಾಣಿಸುವಂತೆ ಮಾಡಿಕೊಳ್ಳಿ. 'ಓನರ್ಸ್ ರಿಸ್ಕ್' ಎಂದಿದ್ದರೆ ನಷ್ಟ ನಿಮ್ಮದೇ ಎಂದು ತಿಳಿದು ಕಳಿಸಿ.

ಈಗ ನಿಮ್ಮ ಡಬ್ಬಿಯ ವಿಷಯ. ಬುಕಿಂಗ್ ರಸೀದಿಯಲ್ಲಿ ತೂಕ ಗ್ರಾಂನಲ್ಲಿ ಅಚ್ಚಾಗಿರುತ್ತದೆ. ಅದೇ ನಿಮ್ಮ ಬಲವಾದ ಸಾಕ್ಷಿ. ಉದಾಹರಣೆಗೆ ಬುಕಿಂಗ್‌ನಲ್ಲಿ 850 ಗ್ರಾಂ ಇದ್ದು, ತಲುಪಿದ ಡಬ್ಬಿ 420 ಗ್ರಾಂ ಇದ್ದರೆ, ದಾರಿಯಲ್ಲಿ ಕೈ ಹಾಕಲಾಗಿದೆ ಎಂದು ಯಾರೂ ಅಲ್ಲಗಳೆಯಲಾರರು. ತೂಕ ಸರಿಯಾಗಿದ್ದರೆ, ಪೇಪರನ್ನು ತೂಕಕ್ಕೆ ಸರಿಮಾಡಿ ತುಂಬಿದರೇ ಅಥವಾ ಮೊದಲೇ ಹಾಗಿತ್ತೇ ಎಂದು ಅವರು ನಿಮ್ಮನ್ನೇ ಕೇಳುತ್ತಾರೆ. ಮಗಳು ಡಬ್ಬಿ, ಟೇಪು, ಒಳಗಿನ ಪೇಪರು ಯಾವುದನ್ನೂ ಎಸೆಯದೆ ಪುಣೆಯ ಡೆಲಿವರಿ ಅಂಚೆ ಕಚೇರಿಯಲ್ಲಿ ತೂಗಿಸಿ, ತೂಕವನ್ನು ಬರೆದುಕೊಡಲು ಕೇಳಲಿ. ನೀವು ಮಂಡ್ಯದ ಪ್ರಧಾನ ಅಂಚೆ ಕಚೇರಿಯಲ್ಲಿ ಲಿಖಿತ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಬಾಯಿಮಾತಿನ ದೂರು ದೂರೇ ಅಲ್ಲ. ತೂಕದಲ್ಲಿ ವ್ಯತ್ಯಾಸ ಸಿಕ್ಕರೆ ಪೊಲೀಸರಿಗೂ ಕೊಡಿ, ಏಕೆಂದರೆ ಇದು ತಡವಲ್ಲ, ಕಳ್ಳತನ.

ಇದಕ್ಕೂ ಮುಖ್ಯವಾದದ್ದು ಪಾರ್ಸಲ್ ಕೈಗೆ ಬರುವ ಹೊತ್ತು. ಟೇಪು ಕಿತ್ತಿದ್ದರೆ, ಡಬ್ಬಿ ಹಗುರ ಅನಿಸಿದರೆ, ಸಹಿ ಹಾಕುವ ಮುಂಚೆಯೇ 'ಓಪನ್ ಡೆಲಿವರಿ' ಕೇಳಿ. ಅಂಚೆಯಲ್ಲಿ ಆ ಪದ್ಧತಿ ಇದೆ: ಕಚೇರಿಯಲ್ಲಿ ಸಿಬ್ಬಂದಿ ಎದುರು ಬಿಚ್ಚಿ, ಒಳಗಿದ್ದದ್ದನ್ನು ಪಟ್ಟಿ ಮಾಡುತ್ತಾರೆ. ಕೊರಿಯರ್ ಹುಡುಗ ಕಾಯುವುದಿಲ್ಲ ಎಂದರೆ ಡೆಲಿವರಿ ಶೀಟಿನ ಮೇಲೆ 'ಡಬ್ಬಿ ಹರಿದಿದೆ, ಪರಿಶೀಲಿಸಿಲ್ಲ' ಎಂದು ಬರೆದು ಫೋಟೋ ತೆಗೆಯಿರಿ. ಅದಕ್ಕೂ ಬಿಡದಿದ್ದರೆ ಪಾರ್ಸಲ್ ತೆಗೆದುಕೊಳ್ಳಬೇಡಿ. ಏನೂ ಬರೆಯದೆ ಸಹಿ ಮಾಡಿದರೆ, ಸರಿಯಾಗಿ ತಲುಪಿದೆ ಎಂದು ನೀವೇ ಒಪ್ಪಿದಂತೆ.

ಕೊರಿಯರ್ ಮೇಲಿನ ದೂರಿಗೆ ಬೆಂಗಳೂರಿಗೆ ಓಡಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಎರಡು ವರ್ಷದೊಳಗೆ ದೂರು ಹಾಕಬಹುದು. ನೀವು ಕೊಟ್ಟ ಶುಲ್ಕ 5 ಲಕ್ಷದೊಳಗಿದ್ದರೆ ಕೋರ್ಟ್ ಫೀಯೂ ಇಲ್ಲ. ಅಂಚೆಯ ವಿರುದ್ಧ ಅದೇ ಹಾದಿ ಹಿಡಿದರೆ ಮೇಲಿನ ಹೊಣೆಯ ಕಲಂ ಅಡ್ಡ ಬರುತ್ತದೆ. ಹಾಗಾಗಿ ಅಲ್ಲಿ ದುಡ್ಡು ಉಳಿಸುವುದು ಬುಕಿಂಗ್ ಕೌಂಟರ್‌ನಲ್ಲಿ ಮಾಡಿಸುವ ಇನ್ಶೂರೆನ್ಸೇ.

ಪ್ರಶ್ನೆ: ಮೈಸೂರಿನಿಂದ ಕಳಿಸಿದ ಸ್ಪೀಡ್ ಪೋಸ್ಟ್ ಎರಡು ದಿನದಿಂದ Item Dispatched ಅಂತಲೇ ನಿಂತಿದೆ. ಕೊರಿಯರ್ ಆಗಿದ್ದರೆ ಗಂಟೆಗೊಂದು ಸುದ್ದಿ ಬರುತ್ತಿತ್ತು. ಕಳೆದೇಹೋಯಿತೇ?

ಇಲ್ಲ. ಅಂಚೆಯಲ್ಲಿ ವಸ್ತುಗಳು ಚೀಲದಲ್ಲಿ ಹೋಗುತ್ತವೆ, ಚೀಲ ಮುಚ್ಚಿದಾಗ ಮತ್ತು ಬಿಚ್ಚಿದಾಗ ಸ್ಕ್ಯಾನ್ ಆಗುತ್ತದೆ. ರೈಲಿನಲ್ಲೋ ಲಾರಿಯಲ್ಲೋ ಇರುವಷ್ಟು ಹೊತ್ತು ಪರದೆಯ ಮೇಲೆ ಏನೂ ಬದಲಾಗದು. ಕೊರಿಯರ್‌ನ ಪರದೆಯಲ್ಲಿ ಸಾಲುಗಳು ಹೆಚ್ಚಿದ್ದರೆ ಹಬ್‌ಗಳು ಹೆಚ್ಚು ಎಂದರ್ಥ, ಬೇಗ ತಲುಪುತ್ತದೆ ಎಂದಲ್ಲ. ಹೊರಟ ಕಚೇರಿಯಿಂದ ಚೀಲ ಹೋಗಿ ನಾಲ್ಕು ಕೆಲಸದ ದಿನ ದಾಟಿದರೂ ಮುಂದಿನ ಕಚೇರಿಯ ಸ್ಕ್ಯಾನ್ ಕಾಣದಿದ್ದರೆ ಮಾತ್ರ 1800 266 6868ಕ್ಕೆ ಕರೆ ಮಾಡಿ, 13 ಅಕ್ಷರ-ಅಂಕಿಯ ಸಂಖ್ಯೆಯನ್ನು ಹೇಳಿ.

ಪ್ರಶ್ನೆ: ಮನೆಯಲ್ಲೇ ಇದ್ದೆವು, 'ಬಾಗಿಲು ಬೀಗ' ಅಂತ ಹಾಕಿ ವಾಪಸ್ ಕಳಿಸಿದರು. ಯಾರನ್ನು ಹಿಡಿಯಬೇಕು?

ಅಂಚೆಯಾದರೆ ಪೋಸ್ಟ್‌ಮ್ಯಾನ್ ಸೂಚನೆ ಚೀಟಿ ಬಿಟ್ಟು, ವಸ್ತುವನ್ನು ಸಾಮಾನ್ಯವಾಗಿ ಏಳು ದಿನ ಡೆಲಿವರಿ ಕಚೇರಿಯಲ್ಲಿಡಬೇಕು. ಅಷ್ಟರಲ್ಲಿ ಗುರುತಿನ ಚೀಟಿ ತೋರಿಸಿ ನೀವೇ ಪಡೆಯಬಹುದು. ಅದಕ್ಕೂ ಮುಂಚೆ ವಾಪಸಾಗಿದ್ದರೆ ಆ ಕಚೇರಿಯ ಪೋಸ್ಟ್‌ಮಾಸ್ಟರಿಗೆ ದಿನಾಂಕ ಸಹಿತ ಬರೆದು ಕೊಡಿ. ಕೊರಿಯರ್‌ನಲ್ಲಿ ಎಷ್ಟು ಸಲ ಬರಬೇಕು ಎಂಬುದನ್ನು ಆ ಕಂಪನಿಯೇ ತೀರ್ಮಾನಿಸುತ್ತದೆ, ಸಾಮಾನ್ಯವಾಗಿ ಎರಡು ಅಥವಾ ಮೂರು ಪ್ರಯತ್ನ. 'ಬೀಗ' ಎಂದು ಕಂಡ ಹೊತ್ತಿನಲ್ಲೇ ಕಸ್ಟಮರ್ ಕೇರ್‌ಗೆ ಕರೆ ಮಾಡಿ, ಆ ಸಮಯದಲ್ಲಿ ನಿಮಗೆ ಯಾವ ಕರೆಯೂ ಬಂದಿರಲಿಲ್ಲ ಎಂಬ ಫೋನಿನ ಕಾಲ್ ಲಿಸ್ಟ್‌ನ ಚಿತ್ರ ಇಟ್ಟುಕೊಳ್ಳಿ. ಮರುದಿನ ಕೇಳಿದರೆ ಸರಕು ಆಗಲೇ ಹಿಂದಿನ ಹಬ್‌ಗೆ ಹೊರಟಿರುತ್ತದೆ.

ಪ್ರಶ್ನೆ: 'ವಿಳಾಸ ಸರಿಯಿಲ್ಲ, ಐದು ರೂಪಾಯಿ ಕಟ್ಟಿ' ಅಂತ ಅಂಚೆಯ ಹೆಸರಲ್ಲಿ ಎಸ್ಸೆಮ್ಮೆಸ್ ಬಂದಿದೆ. ಕಟ್ಟಲಾ?

ಕಟ್ಟಬೇಡಿ, ಲಿಂಕ್ ಮುಟ್ಟಲೂಬೇಡಿ. ಇದು ಕಾರ್ಡಿನ ವಿವರ ಕದಿಯುವ ಮೋಸ, ಕಟ್ಟಿಬಿಟ್ಟಿದ್ದರೆ ತಕ್ಷಣ ಬ್ಯಾಂಕಿಗೂ 1930ಕ್ಕೂ ತಿಳಿಸಿ.

ಪ್ರಶ್ನೆ: ಪರಿಚಯದ ಏಜೆಂಟ್ ಒಬ್ಬರು ಕಳೆದ ಪಾರ್ಸಲ್‌ಗೆ ಪೂರ್ತಿ ಹಣ ಕೊಡಿಸುತ್ತೇನೆ ಅಂತ ಎರಡು ಸಾವಿರ ಮುಂಗಡ ಕೇಳುತ್ತಿದ್ದಾರೆ.

ಕೊಡಬೇಡಿ. ದೂರಿಗೆ ಶುಲ್ಕವಿಲ್ಲ, ಮಧ್ಯವರ್ತಿಯೂ ಬೇಕಿಲ್ಲ. ಇನ್ಶೂರ್ ಮಾಡದ ಸ್ಪೀಡ್ ಪೋಸ್ಟ್‌ಗೆ ಪೂರ್ತಿ ಹಣ ಕೊಡಿಸುತ್ತೇನೆಂದು ಹೇಳುವವರಿಗೆ ಮೇಲಿನ ನಿಯಮ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿದೆ.