ಎರಡು ವರ್ಷದ ಬಾಂಡ್ ಶುರುವಾಗುವುದು ಯಾವತ್ತಿನಿಂದ?

ಪ್ರಶ್ನೆ: ನಾನು ಬಾಗಲಕೋಟೆಯವನು, ಮೆಕ್ಯಾನಿಕಲ್ ಮುಗಿಸಿದ್ದೇನೆ. ಬೆಳಗಾವಿಯ ಉದ್ಯಮಬಾಗದ ಒಂದು ಕಂಪನಿಯಿಂದ ಆಫರ್ ಬಂದಿದೆ. ತಿಂಗಳಿಗೆ 18,000. ಆರು ತಿಂಗಳು ಪ್ರೊಬೇಷನ್, ಎರಡು ವರ್ಷ ಬಾಂಡ್, ಬಿಟ್ಟರೆ 1.5 ಲಕ್ಷ ಕಟ್ಟಬೇಕು, ನೋಟಿಸ್ ಎರಡು ತಿಂಗಳು. ಬಾಂಡ್‌ಗೆ ಕೋರ್ಟಲ್ಲಿ ಬೆಲೆನೇ ಇಲ್ಲ, ಸುಮ್ನೆ ಸಹಿ ಹಾಕು ಅಂತಾರೆ ಗೆಳೆಯರು. ಹಾಕಲಾ?

ಉತ್ತರ:

ಈಗಲೇ ಹಾಕಬೇಡಿ. ಕೆಲಸ ಬೇಡ ಅಂತ ಹೇಳ್ತಿಲ್ಲ. ನಿಮ್ಮ ಕೈಯಲ್ಲಿರುವುದು ಬರೀ ಆಫರ್ ಲೆಟರ್ ಅನ್ನಿಸುತ್ತದೆ. ಬಾಂಡ್ ಪತ್ರ ಬೇರೆ ಇರುತ್ತದೆ, ಅದನ್ನು ಸಾಮಾನ್ಯವಾಗಿ ಸೇರುವ ದಿನವೇ ಮುಂದಿಡುತ್ತಾರೆ. ಅಷ್ಟೊತ್ತಿಗೆ ನೀವು ರೂಮ್ ಹಿಡಿದು ಅಡ್ವಾನ್ಸ್ ಕೊಟ್ಟಿರುತ್ತೀರಿ, ಊರಲ್ಲಿ ಎಲ್ಲರಿಗೂ ಹೇಳಿ ಆಗಿರುತ್ತದೆ, ಎದುರಿಗೆ ಎಚ್‌ಆರ್ ಪೆನ್ನು ಹಿಡಿದು ಕೂತಿರುತ್ತಾರೆ. ಆಗ ಓದುವವರು ಯಾರು? ನಾನೂ ಓದಿರಲಿಲ್ಲ.

2013ರ ಜುಲೈ 15ಕ್ಕೆ ನಾನು ಬೆಳಗಾವಿಯಲ್ಲೇ ಒಂದು ಮಷೀನಿಂಗ್ ಕಂಪನಿ ಸೇರಿದೆ. ಸಂಬಳ 11,000. ಎರಡು ವರ್ಷ ಬಾಂಡ್, ಒಂದು ಲಕ್ಷ ಅಂದಿದ್ದರು. 2015ರ ಜುಲೈಗೆ ಮುಗಿಯಿತು ಅಂತ ನಾನೇ ಲೆಕ್ಕ ಹಾಕಿಕೊಂಡಿದ್ದೆ. ಪತ್ರದಲ್ಲಿ ಇದ್ದದ್ದು ಬೇರೆ. ಮೊದಲ ಆರು ತಿಂಗಳು ಟ್ರೇನಿಂಗ್, ಆಮೇಲೆ ಆರು ತಿಂಗಳು ಪ್ರೊಬೇಷನ್, ಬಾಂಡ್‌ನ ಎರಡು ವರ್ಷ ಎಣಿಸುವುದು ಕೆಲಸ ಕಾಯಂ ಆದ ದಿನದಿಂದ. ಕಾಯಂ ಆಗುವುದು ಯಾವಾಗ ಅಂದ್ರೆ ಕಂಪನಿ ಲಿಖಿತವಾಗಿ ಪತ್ರ ಕೊಟ್ಟಾಗ. ನನ್ನ ಪ್ರೊಬೇಷನ್ 2014ರ ಜುಲೈ 14ಕ್ಕೆ ಮುಗಿಯಬೇಕಿತ್ತು. ಕನ್ಫರ್ಮೇಷನ್ ಪತ್ರ ಬಂದದ್ದು ಅಕ್ಟೋಬರ್‌ನಲ್ಲಿ. ಹಾಗಾಗಿ ನನ್ನ "ಎರಡು ವರ್ಷದ" ಬಾಂಡ್ ಮುಗಿಯುವುದು 2016ರ ಅಕ್ಟೋಬರ್‌ಗೆ. ಒಟ್ಟು ಮೂರು ವರ್ಷ ಮೂರು ತಿಂಗಳು!

ನಿಮಗೆ ಹೇಳಬೇಕಾದ ಮುಖ್ಯ ಮಾತು ಇದೇ. ಪ್ರೊಬೇಷನ್, ಬಾಂಡ್, ನೋಟಿಸ್ ಮೂರನ್ನೂ ಬಿಡಿ ಬಿಡಿಯಾಗಿ ಓದಿದರೆ ಮೂರೂ ಸರಿ ಅನ್ನಿಸುತ್ತವೆ. ಒಂದು ಹಾಳೆ ತೆಗೆದುಕೊಂಡು ಸೇರುವ ತಾರೀಖು ಬರೆದು, ಪ್ರತಿಯೊಂದೂ ಯಾವ ತಾರೀಖಿಗೆ ಶುರುವಾಗಿ ಯಾವ ತಾರೀಖಿಗೆ ಮುಗಿಯುತ್ತದೆ ಅಂತ ಕೆಳಗೆ ಬರೆಯುತ್ತಾ ಹೋಗಿ. ಯಾವುದಾದರೂ ಒಂದಕ್ಕೆ ತಾರೀಖು ಹಾಕೋಕೆ ಆಗಲಿಲ್ಲ ಅಂದ್ರೆ ತೊಂದರೆ ಅಲ್ಲೇ ಇದೆ. ಆರು ತಿಂಗಳು ದಾಟಿದರೆ ತಾನಾಗೇ ಕಾಯಂ ಅಂತ ಜಾಸ್ತಿ ಜನ ನಂಬಿದ್ದಾರೆ. ಹಾಗಿಲ್ಲ. ಪತ್ರದಲ್ಲೋ ಕಂಪನಿಯ ನಿಯಮದಲ್ಲೋ ಹಾಗಂತ ಬರೆದಿರದಿದ್ದರೆ, ಪ್ರೊಬೇಷನ್ ಮುಗಿದ ಮೇಲೂ ಕೆಲಸ ಮಾಡುತ್ತಿದ್ದೀರಿ ಅನ್ನೋ ಒಂದೇ ಕಾರಣಕ್ಕೆ ಕಾಯಂ ಆಗುವುದಿಲ್ಲ.

ಇನ್ನೊಂದು ಕಡೆ ಕಣ್ಣಿಡಿ. ಪ್ರೊಬೇಷನ್‌ನಲ್ಲಿ ಕಂಪನಿ ನಿಮ್ಮನ್ನು ಏಳು ದಿನದ ನೋಟಿಸ್‌ನಲ್ಲಿ ತೆಗೆಯಬಹುದು ಅಂತ ಇರುತ್ತದೆ. ನೀವೂ ಏಳು ದಿನದಲ್ಲಿ ಹೋಗಬಹುದು ಅಂತಲೂ ಇರಬಹುದು. ಓದಿದ ಕೂಡಲೇ ಸಮಾಧಾನ ಆಗುತ್ತದೆ, ಅಲ್ವಾ? ಆದರೆ ಬಾಂಡ್ ಪತ್ರ ಸೇರಿದ ದಿನದಿಂದಲೇ ಲಾಗೂ ಇದ್ದರೆ, ಆ ಏಳು ದಿನ ಬರೀ ಕಂಪನಿಗೆ ಅನುಕೂಲ. ನೀವು ಹೋಗಬಹುದು, ಆದರೆ 1.5 ಲಕ್ಷ ಇಟ್ಟು ಹೋಗಬೇಕು. ಇದಕ್ಕಿಂತ ಕೆಟ್ಟ ಸಾಲು ಒಂದಿದೆ: ನೌಕರ ಅವಧಿಗೆ ಮೊದಲು "ಯಾವುದೇ ಕಾರಣಕ್ಕೆ" ಕೆಲಸದಿಂದ ಹೊರಬಿದ್ದರೆ ಹಣ ಕಟ್ಟಬೇಕು ಅನ್ನೋದು. ಆ ಪದದ ಮೇಲೆ ಬೆರಳಿಟ್ಟು ಕೇಳಿ. ಅವರೇ ತೆಗೆದರೂ ನೀವೇ ಕಟ್ಟಬೇಕು ಅಂತ ಆಗುತ್ತದೆ. "ತಾನಾಗಿ ರಾಜೀನಾಮೆ ಕೊಟ್ಟರೆ ಮಾತ್ರ" ಅಂತ ಬದಲಿಸಲು ಹೇಳಿ. ಇದು ನ್ಯಾಯವಾದ ಬೇಡಿಕೆ. ಒಳ್ಳೆ ಕಂಪನಿಗಳು ಇಷ್ಟಕ್ಕೆ ತಕರಾರು ಮಾಡುವುದಿಲ್ಲ.

ಇನ್ನು ನಿಮ್ಮ ಗೆಳೆಯರ ಮಾತು. ಅದು ಅರ್ಧ ನಿಜ, ಉಳಿದರ್ಧ ಅಪಾಯ. ನಿಮ್ಮನ್ನು ಹಿಡಿದು ತಂದು ಕೆಲಸ ಮಾಡು ಅಂತ ಯಾವ ಕೋರ್ಟೂ ಹೇಳುವುದಿಲ್ಲ, ಅದು ನಿಜ. 1872ರ ಕರಾರು ಕಾಯ್ದೆಯ 27ನೇ ಕಲಂ ಉದ್ಯೋಗ ಮಾಡದಂತೆ ತಡೆಯುವ ಕರಾರನ್ನು ಒಪ್ಪುವುದಿಲ್ಲ, ಅದೂ ನಿಜ. ಆದರೆ ಇಷ್ಟು ದಿನ ಇರಬೇಕು, ಬಿಟ್ಟರೆ ಇಷ್ಟು ಹಣ ಅನ್ನೋ ಬಾಂಡ್ ಅದಕ್ಕೆ ಬರುವುದಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕಿನ ಕೇಸಿನಲ್ಲಿ ಇದನ್ನೇ ಹೇಳಿತು. ಮೂರು ವರ್ಷ ಇರಬೇಕು, ಇಲ್ಲದಿದ್ದರೆ ಎರಡು ಲಕ್ಷ ಅಂತ ಕರಾರು ಇತ್ತು. ಒಬ್ಬ ಅಧಿಕಾರಿ 2017ರಲ್ಲಿ ಮಧ್ಯೆ ಬಿಟ್ಟು ಬೇರೆ ಬ್ಯಾಂಕಿಗೆ ಹೋದರು, ಹಣ ಕಟ್ಟಿ ಆಮೇಲೆ ಕೋರ್ಟಿಗೆ ಹೋದರು. ನಮ್ಮ ಹೈಕೋರ್ಟಿನಲ್ಲಿ ಗೆದ್ದರು, ಸುಪ್ರೀಂ ಕೋರ್ಟಿನಲ್ಲಿ ಸೋತರು. ಹಾಗಾಗಿ ಬೆಲೆನೇ ಇಲ್ಲ ಅನ್ನೋರ ಮಾತು ಕೇಳಿ ಸಹಿ ಹಾಕಬೇಡಿ.

ಹಾಗಂತ 1.5 ಲಕ್ಷ ಪೂರ್ತಿ ಕಟ್ಟಲೇಬೇಕು ಅಂತಲೂ ಅಲ್ಲ. ಅದು ಸರ್ಕಾರಿ ಬ್ಯಾಂಕು, ಒಂದು ಹುದ್ದೆ ಖಾಲಿಯಾದರೆ ಮತ್ತೆ ಜಾಹೀರಾತು, ಪರೀಕ್ಷೆ ಅಂತ ದೊಡ್ಡ ಖರ್ಚು, ಮೇಲಾಗಿ ಅದು ಮ್ಯಾನೇಜರ್ ಹುದ್ದೆ. ಕೋರ್ಟ್ ಅದನ್ನೆಲ್ಲ ನೋಡಿತು. ಅದೇ ಕಾಯ್ದೆಯ 74ನೇ ಕಲಂ ಪ್ರಕಾರ ಪತ್ರದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ, ಸಿಗುವುದು ಆ ಮಿತಿಯೊಳಗೆ ನ್ಯಾಯವಾದ ಪರಿಹಾರ. 18,000 ಸಂಬಳದ ಹುಡುಗನ ಮೇಲೆ ಕಂಪನಿ ಏನು ಖರ್ಚು ಮಾಡಿತು, ಎಷ್ಟು ದಿನ ಏನು ಕಲಿಸಿತು ಅನ್ನೋ ಪ್ರಶ್ನೆ ಬಂದೇ ಬರುತ್ತದೆ.

ನನಗೆ ಉಪಯೋಗಕ್ಕೆ ಬಂದದ್ದೂ ಇದೇ ಪ್ರಶ್ನೆ. 2015ರ ಫೆಬ್ರುವರಿಯಲ್ಲಿ ಪುಣೆಯಲ್ಲಿ ಕೆಲಸ ಸಿಕ್ಕಿತು, ಬಿಟ್ಟೆ. ಹತ್ತೊಂಬತ್ತು ತಿಂಗಳು ದುಡಿದಿದ್ದೆ, ಆದರೂ ಪೂರ್ತಿ ಒಂದು ಲಕ್ಷ ಕೇಳಿದರು. ಯಾಕೆ ಅಂದ್ರೆ ದುಡಿದಷ್ಟು ತಿಂಗಳಿಗೆ ಮೊತ್ತ ಇಳಿಯುತ್ತದೆ ಅಂತ ಎಲ್ಲೂ ಬರೆದಿರಲಿಲ್ಲ. ನೀವು ಇದನ್ನು ಬರೆಸಿಕೊಳ್ಳಿ. 1.5 ಲಕ್ಷವನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 6,250. ಹದಿನೆಂಟು ತಿಂಗಳು ದುಡಿದು ಬಿಟ್ಟರೆ ಉಳಿಯುವುದು ಆರು ತಿಂಗಳದ್ದು, 37,500. ಈ ಒಂದು ಸಾಲು ಇಲ್ಲದಿದ್ದರೆ ಇಪ್ಪತ್ಮೂರನೇ ತಿಂಗಳಲ್ಲಿ ಬಿಟ್ಟರೂ 1.5 ಲಕ್ಷವೇ ಕೇಳುತ್ತಾರೆ.

ನಾನು ಮಾಡಿದ ದೊಡ್ಡ ತಪ್ಪು ಬಾಂಡ್‌ಗೆ ಸಹಿ ಹಾಕಿದ್ದಲ್ಲ. ಸೇರುವ ದಿನ ಅಸಲಿ ಮಾರ್ಕ್ಸ್ ಕಾರ್ಡ್‌ಗಳನ್ನೂ, ಸಹಿ ಮಾಡಿದ ಎರಡು ಖಾಲಿ ಚೆಕ್ಕುಗಳನ್ನೂ ಕೊಟ್ಟೆ. ಅಪ್ಪನನ್ನು ಊರಿಂದ ಕರೆಸಿ ಜಾಮೀನಿಗೆ ಸಹಿ ಹಾಕಿಸಿದೆ. ಅಪ್ಪ ಆವತ್ತು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ಮಗನಿಗೆ ನೌಕರಿ ಸಿಕ್ತು ಅಂತ ಸೆಕ್ಯುರಿಟಿಯವರಿಗೂ ಪೇಢೆ ಕೊಟ್ಟರು. ಯಾವ ಹಾಳೆ ಅಂತ ಕೇಳದೇ ನಾಲ್ಕು ಕಡೆ ಸಹಿ ಮಾಡಿದರು. ಎರಡು ವರ್ಷ ಆದ ಮೇಲೆ ವಕೀಲರ ನೋಟಿಸ್ ನನ್ನ ಹೆಸರಿಗಷ್ಟೇ ಅಲ್ಲ, ಅಪ್ಪನ ಹೆಸರಿಗೂ ಹೋಯಿತು. ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಇರುತ್ತದೆ ಅಂತ ನನಗೆ ಆಗ ತಿಳಿದದ್ದು. "ಏನ್ ತಪ್ಪ ಮಾಡಿಯೋ ತಮ್ಮಾ?" ಅಂತ ಅಪ್ಪ ಫೋನಿನಲ್ಲಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಖಾಲಿ ಚೆಕ್ ಯಾಕೆ ಅಪಾಯ ಅಂದ್ರೆ, ಬಾಂಡ್ ಮುರಿದದ್ದು ಸಿವಿಲ್ ತಕರಾರು. ಅದಕ್ಕೆ ಕಂಪನಿ ದಾವೆ ಹೂಡಬೇಕು, ನಷ್ಟ ತೋರಿಸಬೇಕು, ವರ್ಷಗಟ್ಟಲೆ ಓಡಾಡಬೇಕು. ಚೆಕ್ ಹಾಗಲ್ಲ. ಮೊತ್ತ, ತಾರೀಖು ತುಂಬಿ ಬ್ಯಾಂಕಿಗೆ ಹಾಕುತ್ತಾರೆ, ಬೌನ್ಸ್ ಆಗುತ್ತದೆ, ನೋಟಿಸ್ ಬರುತ್ತದೆ, ಅದು ಕೈಸೇರಿ ಹದಿನೈದು ದಿನದಲ್ಲಿ ಕಟ್ಟದಿದ್ದರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂನಡಿ ಕ್ರಿಮಿನಲ್ ದೂರು. ಖಾಲಿ ಚೆಕ್ ಕೊಟ್ಟಿದ್ದೆ ಅನ್ನೋ ಒಂದೇ ಮಾತಿಗೆ ಕೋರ್ಟ್ ಬಿಡುವುದಿಲ್ಲ, ಸಹಿ ನಿಮ್ಮದೇ ಆದರೆ ಸಾಲ ಇರಲಿಲ್ಲ ಅಂತ ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ. ನಮ್ಮ ವಕೀಲರು ಬಾಂಡ್‌ಗೆ ಹೆದರಲಿಲ್ಲ, ಚೆಕ್ಕಿಗೆ ಹೆದರಿದರು. ಕಡೆಗೆ ಕಂಪನಿ ನನಗೆ ಹತ್ತು ದಿನ ಮಷೀನ್ ಮೇಲೆ ಕಲಿಸಿದ್ದು ಬಿಟ್ಟು ಬೇರೆ ಖರ್ಚು ತೋರಿಸಲಿಲ್ಲ. 35,000ಕ್ಕೆ ಒಪ್ಪಂದ ಆಯಿತು. ಮೂರು ತಿಂಗಳಿಗಿಂತ ಜಾಸ್ತಿ ಸಂಬಳ ಅದು. ಹಣ ಕೊಟ್ಟ ಮೇಜಿನ ಮೇಲೇ ಚೆಕ್ಕು, ಮಾರ್ಕ್ಸ್ ಕಾರ್ಡು ವಾಪಸ್ ಪಡೆದೆ.

ಹಾಗಾಗಿ ಅಸಲಿ ಕಾಗದ ತೋರಿಸಿ, ಝೆರಾಕ್ಸ್ ಕೊಡಿ, ಅಸಲಿಯನ್ನು ಚೀಲಕ್ಕೆ ಹಾಕಿಕೊಂಡು ಬನ್ನಿ. ಚೆಕ್ ಕೊಡಬೇಡಿ. ಮನೆಯವರ ಜಾಮೀನೂ ಬೇಡ. ಈ ಮೂರರಲ್ಲಿ ಒಂದನ್ನೂ ಬಿಡುವುದಿಲ್ಲ ಅಂತ ಹಟ ಹಿಡಿದರೆ, ನಾನಾಗಿದ್ದರೆ ಆ ಕೆಲಸ ಬಿಡುತ್ತಿದ್ದೆ.

ನೋಟಿಸ್ ಬಗ್ಗೆ ಎರಡೇ ಮಾತು. ಎರಡು ತಿಂಗಳು ಇರೋಕೆ ಆಗದಿದ್ದರೆ ಹಣ ಕಟ್ಟಿ ಹೋಗಬಹುದಾ, ಅದು ನಿಮ್ಮ ಇಷ್ಟವಾ ಕಂಪನಿಯ ಇಷ್ಟವಾ ನೋಡಿ. ಕಂಪನಿ ಒಪ್ಪಿದರೆ ಮಾತ್ರ ಅಂತ ಇದ್ದರೆ ರಿಲೀವಿಂಗ್ ಲೆಟರ್ ಅವರ ಕೈಯಲ್ಲೇ ಉಳಿಯಿತು. ಆಮೇಲೆ ಕಡಿತದ ಲೆಕ್ಕ ಬೇಸಿಕ್ ಮೇಲೋ ಪೂರ್ತಿ ಸಂಬಳದ ಮೇಲೋ ಕೇಳಿ. ನಿಮ್ಮ ಬೇಸಿಕ್ 9,000 ಅಂತ ಇಟ್ಟುಕೊಂಡರೆ ಎರಡು ತಿಂಗಳಿಗೆ ಒಂದು ಲೆಕ್ಕದಲ್ಲಿ 18,000, ಇನ್ನೊಂದರಲ್ಲಿ 36,000. ಇದು ಬಾಂಡ್‌ನ ಹಣದ ಒಳಗೋ ಅದರ ಮೇಲೋ ಅನ್ನೋದನ್ನೂ ಅಲ್ಲೇ ಕೇಳಿ, ನನಗೆ ಎರಡೂ ಹಿಡಿದಿದ್ದರು. ಹಾಗೆಯೇ ಲೆಟರ್‌ನ ಮೇಲಿನ ಹೆಸರು ಕಂಪನಿಯದ್ದೇನಾ ನೋಡಿ. ಕೆಲವೊಮ್ಮೆ ಕೆಲಸ ಒಂದು ಕಡೆ, ಕಾಗದದಲ್ಲಿ ನೌಕರ ಯಾವುದೋ ಗುತ್ತಿಗೆದಾರನವನು.

ಕೇಳುವುದು ಹೇಗೆ ಅಂದ್ರೆ, ಫೋನಿನಲ್ಲಿ ಬೇಡ, ಮೇಲ್ ಮಾಡಿ. ಕೆಲಸಕ್ಕೆ ಸೇರಲು ಖುಷಿ ಇದೆ, ಅಪಾಯಿಂಟ್‌ಮೆಂಟ್ ಲೆಟರ್ ಮತ್ತು ಬಾಂಡ್ ಪತ್ರದ ನಕಲು ಮೊದಲೇ ಕಳಿಸಿದರೆ ಮನೆಯಲ್ಲಿ ಓದಿಕೊಂಡು ಬರುತ್ತೇನೆ ಅಂತ ಬರೆಯಿರಿ. "ಅದೆಲ್ಲ ಇಲ್ಲಿಗೆ ಬಂದ ಮ್ಯಾಲೆ ನೋಡೋಣ್ರಿ" ಅಂದರೆ ಮತ್ತೊಮ್ಮೆ ಕೇಳಿ. ಮೂರು ಬದಲಾವಣೆ ಸಾಕು: ಬಾಂಡ್ ಸೇರಿದ ದಿನದಿಂದ ಎಣಿಕೆ, ದುಡಿದ ತಿಂಗಳಿಗೆ ತಕ್ಕ ಹಾಗೆ ಮೊತ್ತ ಇಳಿಕೆ, ನಾನಾಗಿ ಬಿಟ್ಟರೆ ಮಾತ್ರ ಹಣ. ಇವು ಕಾಗದದಲ್ಲಿ ಬಂದರೆ 18,000ಕ್ಕೆ ಈ ಕೆಲಸ ಶುರುವಿಗೆ ಪರವಾಗಿಲ್ಲ, ಹೋಗಿ ಸೇರಿ.

ಬಾಂಡ್ ಪತ್ರ ಕೈಗೆ ಬಂದರೆ, ಕಂಪನಿ ಹೆಸರು ತೆಗೆದು, ಅವಧಿ ಯಾವತ್ತಿನಿಂದ ಅನ್ನೋ ಸಾಲನ್ನು ಮಾತ್ರ ಕೆಳಗೆ ಕಾಮೆಂಟಿನಲ್ಲಿ ಹಾಕಿ. ರಾತ್ರಿ ಶಿಫ್ಟ್ ಮುಗಿಸಿ ಬಂದು ನೋಡುತ್ತೇನೆ.