ಸಣ್ಣ ಶಾಲೆ, ದೊಡ್ಡ ಶಾಲೆ: ಫಲಿತಾಂಶ ಹೋಲಿಸುವುದು ಹೇಗೆ?

"ದಾವಣಗೆರೆ ಜಿಲ್ಲೆಯ ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಮೊದಲೂ ಕೊನೆಗೂ ಸಣ್ಣ ಶಾಲೆಗಳೇ ಬರ್ತಿವೆ. ಯಾಕೆ?"

ಮಕ್ಕಳು ಕಡಿಮೆ ಇದ್ದಷ್ಟೂ ಶೇಕಡಾವಾರು ಜಾಸ್ತಿ ಏರಿಳಿಯುತ್ತದೆ. ಹದಿನಾರು ಮಕ್ಕಳಿರುವ ಶಾಲೆಯಲ್ಲಿ ಒಬ್ಬ ಹುಡುಗ ಫೇಲಾದರೂ ಆರು ಅಂಕಿ ಕೆಳಗಿಳಿಯುತ್ತದೆ.

ರ್‍ಯಾಂಕ್ ಪಟ್ಟಿ ಬಿಟ್ಟು ಫನಲ್ ಪ್ಲಾಟ್ ಅನ್ನುವ ಆಲಿಕೆ ಆಕಾರದ ನಕ್ಷೆ ಹಾಕಿ. ಅಡ್ಡ ಗೆರೆಯಲ್ಲಿ ಪರೀಕ್ಷೆ ಬರೆದವರ ಸಂಖ್ಯೆ, ಉದ್ದ ಗೆರೆಯಲ್ಲಿ ಪಾಸಾದವರ ಶೇಕಡಾವಾರು. ಒಂದು ಶಾಲೆಗೆ ಒಂದು ಚುಕ್ಕಿ. ಜಿಲ್ಲೆಯ ಒಟ್ಟು ಫಲಿತಾಂಶ 80 ಅಂತ ಇಟ್ಟುಕೊಳ್ಳಿ. ಅಲ್ಲೊಂದು ನೇರ ಗೆರೆ ಎಳೆದು, ಅದರ ಮೇಲೆ ಕೆಳಗೆ, ಬರೀ ಅದೃಷ್ಟದಿಂದ ಆಗಬಹುದಾದ ಏರಿಳಿತದ ಮಿತಿ ಹಾಕಿ:

80 ± 2 × √(80 × 20 / n)

n ಅಂದರೆ ಆ ಶಾಲೆಯಲ್ಲಿ ಪರೀಕ್ಷೆ ಬರೆದವರು. 16 ಮಕ್ಕಳಿಗೆ ಮಿತಿ 60ರಿಂದ 100. 400 ಮಕ್ಕಳಿಗೆ 76ರಿಂದ 84 ಮಾತ್ರ. ಈಗ ನೋಡಿ: 16ರಲ್ಲಿ 10 ಜನ ಪಾಸಾದ ಶಾಲೆ 62.5 ತೆಗೆದರೂ ಮಿತಿಯ ಒಳಗೇ ಇದೆ. 400ರಲ್ಲಿ 296 ಪಾಸಾದ ಶಾಲೆ 74 ತೆಗೆದೂ ಹೊರಗೆ ಬಿತ್ತು. ವಿಚಾರಿಸಬೇಕಾದ್ದು ಎರಡನೆಯದನ್ನು. ಸಣ್ಣ ಶಾಲೆಯ ಮೇಷ್ಟ್ರಿಗೆ ಸುಮ್ನೆ ನೋಟಿಸ್ ಹೋಗುವುದು ಅನ್ಯಾಯ ಅಲ್ವಾ?

ನೂರಕ್ಕೆ ನೂರು ಬಂದ ಸಣ್ಣ ಶಾಲೆಯನ್ನೂ ಹೀಗೇ ನೋಡಿ. ಪ್ರತಿ ಮಗುವಿಗೂ ಪಾಸಾಗುವ ಸಾಧ್ಯತೆ ಶೇಕಡಾ 80 ಇದ್ದರೆ, ಹದಿನಾರು ಮಕ್ಕಳ ನೂರು ಶಾಲೆಗಳಲ್ಲಿ ಸುಮಾರು ಮೂರಕ್ಕೆ ಬರೀ ಅದೃಷ್ಟದಿಂದಲೇ ಪೂರ್ತಿ ಫಲಿತಾಂಶ ಬರುತ್ತದೆ.

ಇನ್ನೊಂದು ಮಾತು. ಈ ಮಿತಿಯ ಹೊರಗೆ ಇಪ್ಪತ್ತರಲ್ಲಿ ಒಂದು ಶಾಲೆ ಹೇಗೂ ಬೀಳುತ್ತದೆ. ಹಾಗಾಗಿ 2ರ ಜಾಗದಲ್ಲಿ 3 ಹಾಕಿ ಇನ್ನೊಂದು ಜೋಡಿ ಗೆರೆ ಎಳೆಯಿರಿ. ಅದನ್ನೂ ದಾಟಿದ ಶಾಲೆಗೆ ಮೊದಲು ಹೋಗಿ. ಮಕ್ಕಳ ಮನೆಯ ಸ್ಥಿತಿ, ಖಾಲಿ ಇರುವ ಗಣಿತ ಮೇಷ್ಟ್ರ ಹುದ್ದೆ, ಇವು ಗೊತ್ತಾಗುವುದು ಅಲ್ಲಿ ಕೇಳಿದಾಗಲೇ.